60 ಲಕ್ಷ ತ್ರಿಕೋನದ ವೀರಗಲ್ಲನ್ನು ಒಂದೂವರೆ ಲಕ್ಷಕ್ಕೆ ಇಳಿಸುವುದು ಹೇಗೆ?

ಒಂದು ಕಲ್ಲಿನ ಸುತ್ತ ತಿರುಗಿ ನೂರಾರು ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಅದು ತ್ರಿಕೋನಗಳನ್ನು ಹೆಣೆದು ಒಂದು ಬಲೆ ಮಾಡಿಕೊಡುತ್ತದೆ. ಈ ಬಲೆಗೆ ಮೆಶ್ ಅಂತ ಹೆಸರು. ಈ ಕೆಲಸವೇ ಫೋಟೊಗ್ರಾಮೆಟ್ರಿ. ಮೆಟಾಶೇಪ್, ಮೆಶ್‌ರೂಮ್ ತರಹದ ಸಾಫ್ಟ್‌ವೇರ್‌ಗಳು ಇಷ್ಟನ್ನು ಹೆಚ್ಚುಕಡಿಮೆ ತಾವೇ ಮಾಡಿ ಮುಗಿಸುತ್ತವೆ. ಆದರೆ ಬಂದ ಮೆಶ್ ಹಾಗೇ ಬಳಸುವ ಸ್ಥಿತಿಯಲ್ಲಿ ಇರುವುದಿಲ್ಲ. ವಿಪರೀತ ಭಾರ, ಅಲ್ಲಲ್ಲಿ ತೂತು, ಗಾಳಿಯಲ್ಲಿ ತೇಲುವ ಚೂರುಗಳು. ಬ್ರೌಸರಿನಲ್ಲಿ ತೋರಿಸಬೇಕು ಅಥವಾ ಪ್ರಿಂಟ್ ಮಾಡಬೇಕು ಅಂದರೆ ತ್ರಿಕೋನಗಳನ್ನು ಕಡಿಮೆ ಮಾಡಬೇಕು, ತೂತುಗಳಿಗೆ ತೇಪೆ ಹಾಕಬೇಕು.

ಎರಡಕ್ಕೂ ಒಂದೊಂದು ಬಟನ್ ಇದೆ ನಿಜ. ಆದರೆ ಯಾವುದನ್ನು ಮೊದಲು ಒತ್ತಬೇಕು, ಅದರಲ್ಲಿ ಎಷ್ಟು ಸಂಖ್ಯೆ ಹಾಕಬೇಕು ಅನ್ನುವುದರಲ್ಲೇ ಎಲ್ಲ ಇದೆ. ಅದನ್ನು ಒಂದು ವೀರಗಲ್ಲಿನ ಉದಾಹರಣೆ ಇಟ್ಟುಕೊಂಡು ನೋಡೋಣ.

ಕೆರೆ ಏರಿಯ ಮೇಲೆ ನಿಂತಿರುವ ಕಲ್ಲು ಅಂದುಕೊಳ್ಳಿ. ನೆಲದ ಮೇಲೆ ಕಾಣುವ ಎತ್ತರ ಒಂದೂವರೆ ಮೀಟರ್, ಅಗಲ 80 ಸೆಂ.ಮೀ, ದಪ್ಪ 25 ಸೆಂ.ಮೀ. ನಮ್ಮ ಕಡೆ ಜಾಸ್ತಿ ಕಾಣುವ ಮಾದರಿಯಂತೆ ಮೂರು ಹಂತ. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಶಾಸನ. ಅಕ್ಷರದ ಗೀರಿನ ಅಗಲ ಸುಮಾರು 4 ಮಿ.ಮೀ, ಆಳ 2 ಮಿ.ಮೀ. ಬಂದ ಮೆಶ್‌ನಲ್ಲಿ 60 ಲಕ್ಷ ತ್ರಿಕೋನ.

ಮೊದಲು ಒಂದು ಸಣ್ಣ ಲೆಕ್ಕ

ಎಷ್ಟು ತ್ರಿಕೋನ ಸಾಕು ಅಂತ ಕೇಳಿದರೆ ಬಹಳ ಜನ "ಒಂದು ಲಕ್ಷಕ್ಕೆ ಇಳಿಸಿ" ಅಂದುಬಿಡುತ್ತಾರೆ. ಆ ಸಂಖ್ಯೆಗೆ ಒಂದಾದರೂ ಆಧಾರ ಬೇಕಲ್ವಾ? ಆಧಾರ ಕಲ್ಲಿನಲ್ಲೇ ಇದೆ.

ಕಲ್ಲಿನ ಮುಂದೆ, ಹಿಂದೆ, ಎರಡು ಪಕ್ಕ, ತಲೆ ಎಲ್ಲ ಸೇರಿಸಿದರೆ ಮೇಲ್ಮೈ ಸುಮಾರು 3.35 ಚದರ ಮೀಟರ್. ಅದನ್ನು 60 ಲಕ್ಷ ತ್ರಿಕೋನಗಳಿಗೆ ಹಂಚಿದರೆ ಒಂದೊಂದಕ್ಕೆ 0.56 ಚದರ ಮಿ.ಮೀ ಬರುತ್ತದೆ. ಸಮಬಾಹು ತ್ರಿಕೋನ ಅಂದುಕೊಂಡರೆ ಬಾಹುವಿನ ಉದ್ದ ಸುಮಾರು 1.1 ಮಿ.ಮೀ. ಅಂದರೆ 4 ಮಿ.ಮೀ ಅಗಲದ ಗೀರಿಗೆ ಅಡ್ಡಲಾಗಿ ಮೂರ್ನಾಲ್ಕು ತ್ರಿಕೋನ ಕೂರುತ್ತವೆ. ಗೀರಿನ ಎರಡು ದಡ, ಒಂದು ತಳ ಮೂಡಲು ಅಷ್ಟು ಸಾಕು.

ಇದನ್ನೇ ಒಂದೂವರೆ ಲಕ್ಷಕ್ಕೆ ಇಳಿಸಿದರೆ ಬಾಹುವಿನ ಉದ್ದ ಸುಮಾರು 7 ಮಿ.ಮೀ ಆಗುತ್ತದೆ. ಗೀರಿಗಿಂತ ತ್ರಿಕೋನವೇ ದೊಡ್ಡದು. ಅಕ್ಷರ ಉಳಿಯುವುದಿಲ್ಲ. ಆದರೆ ವೀರನ ತೋಳು, ಗುರಾಣಿ, ಕಲ್ಲಿನ ಹೊರರೂಪ ಎಲ್ಲಕ್ಕೂ 7 ಮಿ.ಮೀ ಧಾರಾಳವಾಗಿ ಸಾಕು.

ಹಾಗಾದರೆ ಅಕ್ಷರ ಹೋಯಿತಾ? ಇಲ್ಲ. ಅದನ್ನು ತ್ರಿಕೋನದ ಬದಲು ಒಂದು ಚಿತ್ರದಲ್ಲಿ ಹೊರಿಸಬಹುದು. ಆ ಚಿತ್ರಕ್ಕೆ ನಾರ್ಮಲ್ ಮ್ಯಾಪ್ ಅನ್ನುತ್ತಾರೆ. ಮೇಲ್ಮೈ ಎಲ್ಲೆಲ್ಲಿ ಯಾವ ಕಡೆಗೆ ವಾಲಿದೆ ಅನ್ನುವುದನ್ನು ಅದು ಬಣ್ಣಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. 4096 ಪಿಕ್ಸೆಲ್ ಉದ್ದಗಲದ ಚಿತ್ರದಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಜಾಗ ಉಪಯೋಗವಾದರೂ, ಕಲ್ಲಿನ ಮೇಲೆ ಒಂದು ಪಿಕ್ಸೆಲ್‌ನ ಅಗಲ ಸುಮಾರು ಅರ್ಧ ಮಿ.ಮೀ ಬರುತ್ತದೆ. 4 ಮಿ.ಮೀ ಗೀರಿಗೆ ಏಳೆಂಟು ಪಿಕ್ಸೆಲ್. ಹೀಗಾಗಿ ದೊಡ್ಡ ಆಕಾರವನ್ನು ತ್ರಿಕೋನ ಹಿಡಿದುಕೊಂಡರೆ, ಸಣ್ಣ ಗೀರನ್ನು ಚಿತ್ರ ಹಿಡಿದುಕೊಳ್ಳುತ್ತದೆ. ಒಂದೂವರೆ ಲಕ್ಷ ಅನ್ನುವ ಗುರಿ ಬಂದದ್ದು ಈ ಲೆಕ್ಕದಿಂದ.

ಈ ಲೆಕ್ಕ ನಡೆಯಬೇಕಾದರೆ ಮೆಶ್‌ಗೆ ಅಳತೆ ಇರಬೇಕು. ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದಿದ್ದರೆ ಅದರ ಎರಡು ಗುರುತುಗಳ ನಡುವಿನ ದೂರವನ್ನು ಸಾಫ್ಟ್‌ವೇರ್‌ಗೆ ಹೇಳಿ. ಇಲ್ಲದಿದ್ದರೆ ಮುಂದೆ ಹೇಳುವ ಯಾವ ಮಿ.ಮೀ ಲೆಕ್ಕಕ್ಕೂ ಅರ್ಥವಿಲ್ಲ.

ಕಸ ತೆಗೆಯುವುದು

ಇದು ಬೇಗ ಮುಗಿಯುವ ಕೆಲಸ. ಸುತ್ತಲಿನ ನೆಲ, ಹುಲ್ಲು, ಗೋಡೆ ಬಂದಿದ್ದರೆ ಕತ್ತರಿಸಿ. ಮೆಶ್ ತಿದ್ದುವ ಸಾಫ್ಟ್‌ವೇರ್ ಮೆಶ್‌ಲ್ಯಾಬ್‌ನ `Remove Isolated pieces (wrt Face Num)` ಅನ್ನುವ ಫಿಲ್ಟರ್ ಗಾಳಿಯಲ್ಲಿ ತೇಲುವ ಚೂರುಗಳನ್ನು ತೆಗೆಯುತ್ತದೆ. ಇಷ್ಟಕ್ಕಿಂತ ಕಡಿಮೆ ತ್ರಿಕೋನ ಇರುವ ಬಿಡಿ ಚೂರೆಲ್ಲ ಹೋಗಲಿ ಅಂತ ಒಂದು ಸಂಖ್ಯೆ ಕೊಟ್ಟರೆ ಆಯಿತು.

ಇನ್ನೊಂದು ಸಮಸ್ಯೆ ಕಣ್ಣಿಗೆ ಕಾಣುವುದಿಲ್ಲ. ಸರಿಯಾದ ಮೆಶ್‌ನಲ್ಲಿ ಪ್ರತಿ ಬಾಹುವಿಗೂ ಎರಡೇ ತ್ರಿಕೋನ ಅಂಟಿರಬೇಕು. ಒಂದೇ ತ್ರಿಕೋನ ಇದ್ದರೆ ಅಲ್ಲಿ ತೂತಿನ ಅಂಚು ಇದೆ ಅಂತ ಅರ್ಥ. ಮೂರು ಅಥವಾ ಜಾಸ್ತಿ ಇದ್ದರೆ ಮೆಶ್ ತನ್ನೊಳಗೇ ಕವಲೊಡೆದಿದೆ. ಇದಕ್ಕೆ ನಾನ್-ಮ್ಯಾನಿಫೋಲ್ಡ್ ಅನ್ನುತ್ತಾರೆ. ಇಂಥ ಜಾಗದಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಮೆಶ್‌ಲ್ಯಾಬ್‌ನ ತೂತು ಮುಚ್ಚುವ ಫಿಲ್ಟರ್ ಇಂಥ ಬಾಹು ಕಂಡರೆ ಕೆಲಸವನ್ನೇ ಮಾಡದೆ ನಿಲ್ಲುತ್ತದೆ. ಹಾಗಾಗಿ `Repair non Manifold Edges` ಮೊದಲೇ ಓಡಿಸಿ. ಆಮೇಲೆ `Compute Topological Measures` ಒತ್ತಿದರೆ ಎಷ್ಟು ತೂತಿವೆ, ಎಷ್ಟು ಬಿಡಿ ಚೂರಿವೆ, ಕವಲೊಡೆದ ಬಾಹು ಇನ್ನೂ ಉಳಿದಿವೆಯೇ ಅಂತ ಬರೆದು ತೋರಿಸುತ್ತದೆ. ತೂತಿನ ಕೆಲಸ ಶುರು ಮಾಡುವ ಮೊದಲು ಈ ಹಂತದ ಮೆಶ್ ಅನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಕೊನೆಯ ಪರೀಕ್ಷೆಗೆ ಬೇಕಾಗುತ್ತದೆ.

ತೂತು ಯಾಕೆ ಆಯಿತು ಅಂತ ಕೇಳಿ, ಆಮೇಲೆ ಮುಚ್ಚಿ

ನಮ್ಮ ಕಲ್ಲಿನಲ್ಲಿ ಮೂರು ತರಹದ ತೂತು ಇವೆ ಅಂದುಕೊಳ್ಳೋಣ. ಅಲ್ಲಲ್ಲಿ ಚದುರಿದ ಸೂಜಿಮೊನೆ ತೂತುಗಳು. ವೀರನ ಗುರಾಣಿಯ ಹಿಂದೆ, ಕ್ಯಾಮೆರಾಕ್ಕೆ ಕಾಣದ ಸಂದಿನಲ್ಲಿ ಒಂದು ತೂತು. ಮತ್ತೆ ಮೇಲಿನ ಹಿಂಬದಿಯ ಮೂಲೆಯಲ್ಲಿ ಅಂಗೈಗಿಂತ ದೊಡ್ಡದು, 20 ಸೆಂ.ಮೀ ಅಡ್ಡಗಲದ್ದು. ಅಲ್ಲಿ ಒಂದು ಪೊದೆ ಒರಗಿತ್ತು. ಗಾಳಿಗೆ ಎಲೆ ಅಲುಗಿದರೆ ಒಂದು ಫೋಟೊದಲ್ಲಿ ಇದ್ದ ಜಾಗದಲ್ಲಿ ಇನ್ನೊಂದು ಫೋಟೊದಲ್ಲಿ ಎಲೆ ಇರುವುದಿಲ್ಲ. ಸಾಫ್ಟ್‌ವೇರ್ ತಬ್ಬಿಬ್ಬಾಗಿ ಅಲ್ಲೊಂದು ಮುದ್ದೆ ಮಾಡುತ್ತದೆ. ಮುದ್ದೆಯನ್ನು ಕತ್ತರಿಸಿದರೆ ತೂತು ಉಳಿಯುತ್ತದೆ.

ಕೆಳಗೆ, ಕಲ್ಲು ನೆಲಕ್ಕೆ ಇಳಿಯುವ ಕಡೆ ಮೆಶ್ ಬಾಯಿ ತೆರೆದೇ ಇರುತ್ತದೆ. ಸಾಫ್ಟ್‌ವೇರ್ ಅದನ್ನೂ ತೂತು ಅಂತಲೇ ಎಣಿಸುತ್ತದೆ. ಆದರೆ ಅದು ಸ್ಕ್ಯಾನ್ ಮುಗಿದ ಗಡಿ. ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಸಣ್ಣವನ್ನು ಮೆಶ್‌ಲ್ಯಾಬ್‌ನ `Close Holes` ಮುಚ್ಚುತ್ತದೆ. ಅದರಲ್ಲಿ ಒಂದೇ ಮುಖ್ಯ ಸಂಖ್ಯೆ, `Max size to be closed`. ತಾನಾಗಿ 30 ಇರುತ್ತದೆ. ಇದು 30 ಮಿ.ಮೀ ಅಲ್ಲ. ತೂತಿನ ಅಂಚಿನಲ್ಲಿ ಇರುವ ಬಾಹುಗಳ ಎಣಿಕೆ. ನಮ್ಮ ಪೂರ್ತಿ ಮೆಶ್‌ನಲ್ಲಿ ಬಾಹು 1.1 ಮಿ.ಮೀ. 30 ಬಾಹು ಅಂದರೆ ಸುತ್ತಳತೆ ಸುಮಾರು 34 ಮಿ.ಮೀ, ಅಡ್ಡಗಲ ಒಂದು ಸೆಂ.ಮೀ ಚಿಲ್ಲರೆ. ಅಷ್ಟು ಸಣ್ಣ ತೂತಿಗೆ ಚಪ್ಪಟೆ ತೇಪೆ ಬಿದ್ದರೂ ತೊಂದರೆ ಇಲ್ಲ. ಇದೇ 30 ಅನ್ನು ಒಂದೂವರೆ ಲಕ್ಷಕ್ಕೆ ಇಳಿಸಿದ ಮೇಲೆ ಹಾಕಿದರೆ? ಬಾಹು ಈಗ 7 ಮಿ.ಮೀ. ಸುತ್ತಳತೆ 21 ಸೆಂ.ಮೀ, ಅಡ್ಡಗಲ ಆರೂವರೆ ಸೆಂ.ಮೀ. ಗುರಾಣಿಯ ಹಿಂದಿನ ಸಂದಿಯನ್ನೂ ಅದು ಸದ್ದಿಲ್ಲದೆ ಚಪ್ಪಟೆ ಮುಚ್ಚಿಬಿಡುತ್ತದೆ. ಒಂದೇ ಸಂಖ್ಯೆ, ಎರಡು ಬೇರೆ ಫಲ. ತೂತು ಮೊದಲು ಮುಚ್ಚಿ, ತ್ರಿಕೋನ ಆಮೇಲೆ ಇಳಿಸಿ ಅಂತ ಹೇಳುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಮುಂದೆ ಬರುತ್ತದೆ.

ಇದೇ ಫಿಲ್ಟರ್‌ನಲ್ಲಿ ಹೊಸದಾಗಿ ಹುಟ್ಟಿದ ತ್ರಿಕೋನಗಳನ್ನು ಆಯ್ಕೆ ಮಾಡಿ ಇಡುವ ಸೌಲಭ್ಯ ಇದೆ. ಅದನ್ನು ಆನ್ ಮಾಡಿ. ಎಲ್ಲೆಲ್ಲಿ ತೇಪೆ ಬಿತ್ತು ಅಂತ ಕೆಂಪಗೆ ಕಾಣುತ್ತದೆ. ಶಾಸನದ ಪಟ್ಟಿಯ ಮೇಲೆ ಕೆಂಪು ಬಿದ್ದಿದೆಯೇ ಅಂತ ಒಮ್ಮೆ ಕಣ್ಣಾಡಿಸಿ. ಬಿದ್ದಿದ್ದರೆ ಆ ತ್ರಿಕೋನಗಳನ್ನು ಅಳಿಸಿ ತೂತನ್ನು ಹಾಗೇ ಬಿಡುವುದು ನನ್ನ ಪದ್ಧತಿ. ಹಳೆಯ ಲಿಪಿಯಲ್ಲಿ ಎರಡು ಅಕ್ಷರಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಒಂದು ಸಣ್ಣ ಗೀರು. ಅಲ್ಲಿ ನುಣ್ಣನೆ ತೇಪೆ ಹಾಕಿದರೆ "ಇಲ್ಲಿ ಗೀರು ಇರಲಿಲ್ಲ" ಅಂತ ನಾವೇ ಸಾಕ್ಷಿ ಹೇಳಿದ ಹಾಗೆ. ತೂತು ಇದ್ದರೆ ಓದುವವರು ಕಲ್ಲಿನ ಹತ್ತಿರ ಹೋಗಿ ನೋಡುತ್ತಾರೆ. ತೇಪೆ ಇದ್ದರೆ ಹೋಗುವುದಿಲ್ಲ.

ಈಗ ದೊಡ್ಡ ತೂತು. 20 ಸೆಂ.ಮೀ ಅಡ್ಡಗಲ ಅಂದರೆ ಅಂಚಿನಲ್ಲಿ ಐನೂರಕ್ಕೂ ಜಾಸ್ತಿ ಬಾಹು. `Close Holes`ನಲ್ಲಿ 600 ಅಂತ ಕೊಟ್ಟರೆ ಮುಚ್ಚುತ್ತದೆ ನಿಜ. ಆದರೆ ಈ ತೂತು ಇರುವುದು ಕಲ್ಲಿನ ಮೂಲೆಯಲ್ಲಿ. ಫಿಲ್ಟರ್‌ಗೆ ಅಲ್ಲಿ ಮೂಲೆ ಇತ್ತು ಅಂತ ಗೊತ್ತಿಲ್ಲ. ಈ ದಡದಿಂದ ಆ ದಡಕ್ಕೆ ನೇರ ಎಳೆದು, ಮೂಲೆಯನ್ನು ಚಾಕುವಿನಲ್ಲಿ ಕೊಯ್ದಂತೆ ಚಪ್ಪಟೆ ಮಾಡಿಬಿಡುತ್ತದೆ.

ಅದಕ್ಕೂ ಮೊದಲು ಅಂಚಿನ ವಿಷಯ ಇದೆ. ತೂತಿನ ಪಕ್ಕದಲ್ಲೇ ಇರುವ ತ್ರಿಕೋನಗಳು ಇಡೀ ಸ್ಕ್ಯಾನ್‌ನಲ್ಲೇ ನಂಬಲು ಯೋಗ್ಯವಲ್ಲದವು. ಅಲ್ಲಿಗೆ ಬರುತ್ತಾ ಫೋಟೊಗಳ ಸಂಖ್ಯೆ ಕಡಿಮೆಯಾಗಿರುತ್ತದೆ, ಹಾಗಾಗಿ ಮೇಲ್ಮೈ ಹೊರಕ್ಕೋ ಒಳಕ್ಕೋ ಸುರುಟಿಕೊಂಡಿರುತ್ತದೆ. ಹರಿದ ಅಂಗಿಗೆ ತೇಪೆ ಹಾಕುವ ಮೊದಲು ಟೈಲರ್ ನೂಲು ಎದ್ದ ಅಂಚನ್ನು ಕತ್ತರಿಸುತ್ತಾನಲ್ಲ, ಇಲ್ಲೂ ಅದೇ. ಮೆಶ್‌ಲ್ಯಾಬ್‌ನಲ್ಲಿ `Select Border` ಮಾಡಿ, `Dilate Selection` ಎರಡು ಮೂರು ಸಲ ಒತ್ತಿ, ಶಾಸನದ ಪಟ್ಟಿಯಲ್ಲಿ ಬಿಟ್ಟ ತೂತುಗಳ ಅಂಚನ್ನು ಆಯ್ಕೆಯಿಂದ ಹೊರಗಿಟ್ಟು, ಉಳಿದದ್ದನ್ನು ಅಳಿಸಿ. ಕೆಳಗಿನ ಗಡಿಯೂ ಇದರೊಟ್ಟಿಗೆ ಎರಡು ಮೂರು ಮಿ.ಮೀ ಸವೆಯುತ್ತದೆ, ಅದರಿಂದ ನಷ್ಟ ಇಲ್ಲ. ತೂತು ಸ್ವಲ್ಪ ದೊಡ್ಡದಾಯಿತು ಅಂತ ಹೊಟ್ಟೆ ಉರಿದುಕೊಳ್ಳಬೇಡಿ. ತೇಪೆಯು ತನ್ನ ಇಳಿಜಾರನ್ನು ಅಂಚಿನ ತ್ರಿಕೋನಗಳಿಂದಲೇ ಕಲಿಯುತ್ತದೆ. ಅಂಚು ಸುರುಟಿದ್ದರೆ ತೇಪೆಯೂ ಗುಳ್ಳೆಯಂತೆ ಉಬ್ಬುತ್ತದೆ ಅಥವಾ ಕುಳಿ ಬೀಳುತ್ತದೆ. ತೇಪೆಯ ಸುತ್ತ ಒಂದು ಉಬ್ಬಿದ ಉಂಗುರ ಕಂಡರೆ ಅಂಚು ಕತ್ತರಿಸಿಲ್ಲ ಅಂತಲೇ ತಿಳಿಯಿರಿ. ಸೂಜಿಮೊನೆ ತೂತುಗಳಿಗೆ ಇಷ್ಟೆಲ್ಲ ಬೇಡ. ಅವನ್ನು ಮೊದಲೇ ಮುಚ್ಚಿಬಿಟ್ಟರೆ ಈ ಕತ್ತರಿ ದೊಡ್ಡವಕ್ಕೆ ಮಾತ್ರ ತಗಲುತ್ತದೆ.

ಮೂಲೆಯ ತೇಪೆಗೆ ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್ ಒಳ್ಳೆಯದು. ಆದರೆ 60 ಲಕ್ಷ ತ್ರಿಕೋನದ ಮೆಶ್ ಎಡಿಟ್ ಮೋಡ್‌ನಲ್ಲಿ ತೆವಳುತ್ತದೆ. ಪೂರ್ತಿ ಮೆಶ್ ಹೊತ್ತುಕೊಂಡು ಒದ್ದಾಡುವ ಅಗತ್ಯ ಇಲ್ಲ. ತೂತಿನ ಸುತ್ತ ನಾಲ್ಕು ಬೆರಳಗಲ ಜಾಗ ಆಯ್ಕೆ ಮಾಡಿ `P` ಒತ್ತಿ `Selection` ಕೊಟ್ಟರೆ ಆ ತುಂಡು ಬೇರೆ ಆಗುತ್ತದೆ. ಉಳಿದದ್ದನ್ನು ಮರೆಮಾಡಿ ಇದೊಂದರಲ್ಲೇ ಕೆಲಸ ಮಾಡಿ.

ತೂತಿನ ಎರಡು ಎದುರು ದಡಗಳಲ್ಲಿ ಒಂದೊಂದು ಬಾಹು ಆರಿಸಿ ನಡುವೆ ಒಂದು ಪಟ್ಟಿ ಕಟ್ಟಿ. ಪಟ್ಟಿಯನ್ನು ಭಾಗ ಮಾಡಿ, ಮಧ್ಯದ ಬಿಂದುಗಳನ್ನು ಹೊರಕ್ಕೆ ಎಳೆದು ಕಲ್ಲಿನ ಮೂಲೆ ಎಲ್ಲಿರಬೇಕೋ ಅಲ್ಲಿಗೆ ತನ್ನಿ. ಕಲ್ಲಿನ ಇನ್ನೊಂದು ಬದಿಯ ಮೂಲೆ ಸ್ಕ್ಯಾನ್‌ನಲ್ಲಿ ಸರಿಯಾಗಿ ಬಂದಿದೆಯಲ್ಲ, ಅದರ ದುಂಡನ್ನು ನೋಡಿಕೊಳ್ಳಿ. ಇಂಥ ಎರಡು ಮೂರು ಪಟ್ಟಿ ಕಟ್ಟಿದರೆ ಒಂದು ದೊಡ್ಡ ತೂತು ನಾಲ್ಕೈದು ಸಣ್ಣ ತೂತಾಗುತ್ತದೆ. ಒಂದೊಂದೂ ಈಗ ಹೆಚ್ಚುಕಡಿಮೆ ಸಮತಟ್ಟು. ಒಂದೊಂದರ ಅಂಚು ಆರಿಸಿ `Alt+F` ಒತ್ತಿದರೆ ತುಂಬುತ್ತದೆ. ತುಂಬಿದ ಭಾಗವನ್ನು ಒಡೆದು ತ್ರಿಕೋನಗಳನ್ನು ಸುತ್ತಲಿನ ಗಾತ್ರಕ್ಕೆ ತಂದು, ಸ್ಕಲ್ಪ್ಟ್ ಮೋಡ್‌ನ ಸ್ಮೂತ್ ಬ್ರಷ್‌ನಲ್ಲಿ ಹದ ಮಾಡಿ. ಬ್ರಷ್ ತೇಪೆಯ ಮೇಲೆ ಮಾತ್ರ ಓಡಲಿ.

ತುಂಡನ್ನು ವಾಪಸ್ ಸೇರಿಸುವಾಗ ಒಂದು ಎಚ್ಚರ ಬೇಕು. ತುಂಡಿನ ಹೊರಗಿನ ಗಡಿಯ ಬಿಂದುಗಳನ್ನು ಒಂದು ಚೂರೂ ಅಲುಗಿಸಿರಬಾರದು. `Ctrl+J` ಕೊಟ್ಟು ಸೇರಿಸಿ `Merge by Distance` ಓಡಿಸಿದರೆ ಎರಡು ಕಡೆಯ ಬಿಂದುಗಳು ಒಂದರ ಮೇಲೊಂದು ಕೂತು ಬೆಸೆಯುತ್ತವೆ. ಅಲುಗಿಸಿದ್ದರೆ ಬೆಸೆಯುವುದಿಲ್ಲ, ಕೂದಲೆಳೆಯಷ್ಟು ಸೀಳು ಉಳಿಯುತ್ತದೆ. ಆಗ ಕೆಲವರು ಬೆಸೆಯುವ ದೂರವನ್ನು 1 ಮಿ.ಮೀಗೆ ಏರಿಸುತ್ತಾರೆ. ನಮ್ಮ ಬಾಹುವೇ 1.1 ಮಿ.ಮೀ. ಸೀಳೇನೋ ಮುಚ್ಚುತ್ತದೆ, ಜೊತೆಗೆ ಸಣ್ಣ ತ್ರಿಕೋನಗಳೆಲ್ಲ ಕುಸಿದು ಅಕ್ಷರಗಳೂ ಮುಚ್ಚಿಹೋಗುತ್ತವೆ. ಬ್ಲೆಂಡರ್ ತಾನಾಗಿ ಕೊಡುವ 0.0001 ಮೀಟರ್, ಅಂದರೆ 0.1 ಮಿ.ಮೀ, ಸಾಕು. ಬೆಸೆಯಿತೇ ಇಲ್ಲವೇ ಅಂತ ತಿಳಿಯಲು `Select > All by Trait > Non Manifold` ಕೊಡಿ. ಕೆಳಗಿನ ಗಡಿ ಮತ್ತು ನೀವು ಬೇಕಂತಲೇ ಬಿಟ್ಟ ತೂತುಗಳು ಮಾತ್ರ ಹೊಳೆಯಬೇಕು.

ಗುರಾಣಿಯ ಹಿಂದಿನ ಸಂದಿಗೂ ಇದೇ ಉಪಾಯ. ಒಳಗೆ ಎಷ್ಟು ಆಳ ಇತ್ತು ಅಂತ ಫೋಟೊದಲ್ಲಿ ಕಾಣುವುದಿಲ್ಲ. ಹಾಗಾಗಿ ಕಂಡಷ್ಟು ಆಳಕ್ಕೆ ಒಂದು ಸಾದಾ ತಳ ಕಟ್ಟಿ ನಿಲ್ಲಿಸಿ, ಕೆತ್ತನೆ ಊಹಿಸಲು ಹೋಗಬೇಡಿ.

ಹೀಗೆ ತೇಪೆ ಹಾಕಿದ 60 ಲಕ್ಷದ ಮೆಶ್ ಅನ್ನು ಮೂಲಪ್ರತಿ ಅಂತ ಉಳಿಸಿ. ಇಲ್ಲಿಂದ ಮುಂದೆ ಎಲ್ಲವೂ ಇದರ ನಕಲು.

ಇಳಿಸುವಾಗ ಒಳಗೆ ನಡೆಯುವುದೇನು

ತ್ರಿಕೋನ ಕಡಿಮೆ ಮಾಡುವುದಕ್ಕೆ ಡೆಸಿಮೇಷನ್ ಅನ್ನುತ್ತಾರೆ. ಇವತ್ತು ಬಹುತೇಕ ಸಾಫ್ಟ್‌ವೇರ್ ಬಳಸುವ ವಿಧಾನದ ಬೇರು ಮೈಕೆಲ್ ಗಾರ್ಲಂಡ್ ಮತ್ತು ಪಾಲ್ ಹೆಕ್‌ಬರ್ಟ್ 1997ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಕೇಳಲು ಕಷ್ಟ ಅನ್ನಿಸಿದರೂ ಆಲೋಚನೆ ಸರಳ.

ಒಂದು ಬಾಹುವನ್ನು ಹಿಡಿದು ಅದರ ಎರಡು ತುದಿಗಳನ್ನು ಒಂದೇ ಬಿಂದುವಾಗಿ ಕುಗ್ಗಿಸಿದರೆ, ಅದರ ಎರಡು ಬದಿಯ ತ್ರಿಕೋನಗಳು ಮಾಯವಾಗುತ್ತವೆ. ಒಂದು ಕುಗ್ಗಿಸುವಿಕೆಗೆ ಎರಡು ತ್ರಿಕೋನ ಕಡಿಮೆ. 60 ಲಕ್ಷದಿಂದ ಒಂದೂವರೆ ಲಕ್ಷಕ್ಕೆ ಬರಲು ಹೀಗೆ 29 ಲಕ್ಷಕ್ಕೂ ಹೆಚ್ಚು ಸಲ ಮಾಡಬೇಕು. ಪ್ರಶ್ನೆ ಏನೆಂದರೆ ಯಾವ ಬಾಹು ಮೊದಲು?

ಪ್ರತಿ ಬಿಂದುವೂ ತನ್ನ ಸುತ್ತಲಿನ ತ್ರಿಕೋನಗಳು ಯಾವ ಯಾವ ಸಮತಲದ ಮೇಲೆ ಇದ್ದವು ಅಂತ ನೆನಪಿಟ್ಟುಕೊಳ್ಳುತ್ತದೆ. ಎರಡು ಬಿಂದು ಸೇರಿದಾಗ ಎರಡರ ನೆನಪೂ ಒಂದಾಗುತ್ತದೆ. ಹೊಸ ಬಿಂದು ಆ ಎಲ್ಲ ಸಮತಲಗಳಿಂದ ಎಷ್ಟು ದೂರ ಸರಿಯಿತು ಅನ್ನುವುದನ್ನು ವರ್ಗ ಮಾಡಿ ಕೂಡಿಸಿದರೆ, ಅದೇ ಆ ಕುಗ್ಗಿಸುವಿಕೆಯ ಬೆಲೆ. ಕಡಿಮೆ ಬೆಲೆಯದು ಮೊದಲು. ಸಪಾಟು ಜಾಗದಲ್ಲಿ ಬಿಂದು ಎತ್ತ ಸರಿದರೂ ಸಮತಲ ಬಿಡುವುದಿಲ್ಲ, ಬೆಲೆ ಸೊನ್ನೆ. ಗುರಾಣಿಯ ಅಂಚಿನಲ್ಲಿ ಸರಿದರೆ ಬೆಲೆ ಏರುತ್ತದೆ. ಹೀಗಾಗಿ ಸಪಾಟು ಜಾಗದ ತ್ರಿಕೋನಗಳು ಮೊದಲು ಹೋಗುತ್ತವೆ, ಕೆತ್ತನೆಯವು ಕೊನೆಯವರೆಗೆ ಉಳಿಯುತ್ತವೆ. ಮುಂಚೆ ಹೇಳಿದ 7 ಮಿ.ಮೀ ಬರೀ ಸರಾಸರಿ. ನಿಜವಾಗಿ ಕಲ್ಲಿನ ಹಿಂಬದಿಯಲ್ಲಿ ಅದಕ್ಕಿಂತ ದೊಡ್ಡವು, ವೀರನ ಮುಖದ ಹತ್ತಿರ ಸಣ್ಣವು ಇರುತ್ತವೆ.

ಇದು ಗೊತ್ತಿದ್ದರೆ ಮೂರು ವಿಷಯ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಒಂದು, ತೂತಿನ ಅಂಚು. ಅಂಚಿನ ಬಿಂದುವಿಗೆ ಒಂದೇ ಬದಿಯಲ್ಲಿ ತ್ರಿಕೋನ ಇದೆ. ಸಪಾಟು ಜಾಗವಾದರೆ ಅದು ಒಳಕ್ಕೆ ಜರುಗಿದರೂ ಸಮತಲ ಬಿಡುವುದಿಲ್ಲ, ಬೆಲೆ ಸೊನ್ನೆಯೇ. ಹಾಗಾಗಿ ಅಂಚು ಸುಮ್ನೆ ಸವೆಯುತ್ತಾ ಹೋಗಿ ತೂತು ದೊಡ್ಡದಾಗುತ್ತದೆ. ತೂತನ್ನು ಮೊದಲೇ ಮುಚ್ಚಬೇಕು ಅನ್ನುವುದಕ್ಕೆ ಇದು ಎರಡನೇ ಕಾರಣ. ಕೆಳಗಿನ ಗಡಿ ತೆರೆದೇ ಇದೆಯಲ್ಲ, ಅದಕ್ಕೆ `Preserve Boundary` ಆನ್ ಮಾಡಿ. ಅಂಚಿನ ಉದ್ದಕ್ಕೂ ಲಂಬವಾಗಿ ಕಾಲ್ಪನಿಕ ಸಮತಲ ನಿಲ್ಲಿಸಿ, ಒಳಕ್ಕೆ ಜರುಗುವುದಕ್ಕೂ ಬೆಲೆ ಕಟ್ಟುವಂತೆ ಮಾಡುತ್ತದೆ ಅದು.

ಎರಡು, ಹಂತ ಹಂತವಾಗಿ ಇಳಿಸುವ ಅಭ್ಯಾಸ. 60ರಿಂದ 20, 20ರಿಂದ 5, ಹೀಗೆ ಪ್ರತಿ ಸಲ ಫೈಲ್ ಉಳಿಸಿ ಮತ್ತೆ ತೆರೆದರೆ, ಬಿಂದುಗಳ ನೆನಪು ಅಳಿಸಿಹೋಗುತ್ತದೆ. ಎರಡನೇ ಓಟಕ್ಕೆ ಆಗಲೇ ತಪ್ಪಿದ ಆಕಾರವೇ ಮೂಲ. ಬೇರೆ ಬೇರೆ ಗಾತ್ರ ಬೇಕಿದ್ದರೆ ಪ್ರತಿ ಸಲವೂ 60 ಲಕ್ಷದ ಮೂಲಪ್ರತಿಯಿಂದಲೇ ಶುರು ಮಾಡಿ.

ಮೂರು, ಟೆಕ್ಸ್ಚರ್. ಫೋಟೊಗ್ರಾಮೆಟ್ರಿ ಸಾಫ್ಟ್‌ವೇರ್ ತಾನಾಗಿ ಮಾಡುವ ಬಣ್ಣದ ಚಿತ್ರ ನೂರಾರು ಸಣ್ಣ ಸಣ್ಣ ಚೂರುಗಳಾಗಿ ಹರಿದಿರುತ್ತದೆ. ಅದನ್ನು ಹೊತ್ತ ಮೆಶ್ ಅನ್ನು ಇಳಿಸಿದರೆ ಚೂರುಗಳ ಗಡಿಯಲ್ಲಿ ಬಣ್ಣ ಎಳೆದುಕೊಂಡು ಗೀಚಿದಂತೆ ಕಾಣುತ್ತದೆ. ಅದನ್ನು ಉಳಿಸಿಕೊಳ್ಳಲು ಹೋಗಬೇಡಿ. ಬರೀ ಆಕಾರವನ್ನು ಇಳಿಸಿ, ಬಣ್ಣವನ್ನು ಆಮೇಲೆ ಫೋಟೊಗಳಿಂದ ಹೊಸದಾಗಿ ತೆಗೆಯಬಹುದು.

ಮೆಶ್‌ಲ್ಯಾಬ್‌ನಲ್ಲಿ ಈ ಫಿಲ್ಟರ್ ಹೆಸರು `Simplification: Quadric Edge Collapse Decimation`. ಮೌಸ್ ಬದಲು ಪೈಥಾನ್‌ನಲ್ಲಿ ಓಡಿಸಿದರೆ ಯಾವ ಸಂಖ್ಯೆ ಕೊಟ್ಟೆವು ಅನ್ನುವುದು ದಾಖಲೆಯಾಗಿ ಉಳಿಯುತ್ತದೆ:

```python
import pymeshlab
ms = pymeshlab.MeshSet()
ms.load_new_mesh("veeragallu_master.ply")
ms.meshing_decimation_quadric_edge_collapse(
    targetfacenum=150000, qualitythr=0.5,
    preserveboundary=True, preservenormal=True)
ms.save_current_mesh("veeragallu_150k.ply")
```

`qualitythr` ಅನ್ನುವುದು ಸೂಜಿಯಂತೆ ಉದ್ದಕ್ಕೆ ಸಪೂರಾದ ತ್ರಿಕೋನಗಳಿಗೆ ದಂಡ ಹಾಕುತ್ತದೆ. ಅಂಥವು ಇದ್ದರೆ ಬೆಳಕು ಬಿದ್ದಾಗ ಗೆರೆ ಗೆರೆ ಕಾಣುತ್ತದೆ. `preservenormal` ತ್ರಿಕೋನ ಮಗುಚಿಕೊಳ್ಳದಂತೆ ತಡೆಯುತ್ತದೆ. ಮಗುಚಿದರೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಬರೀ ಆಕಾರದ ಬೈನರಿ ಪಿಎಲ್‌ವೈ ಫೈಲ್ ಆದರೆ ಮೂಲಪ್ರತಿ ಸುಮಾರು 115 ಎಂಬಿ, ಇಳಿಸಿದ್ದು 3 ಎಂಬಿಯೊಳಗೆ.

ಅಕ್ಷರವನ್ನು ಚಿತ್ರಕ್ಕೆ ಇಳಿಸುವುದು

ಈಗ ಇಳಿಸಿದ ಮೆಶ್ ಅನ್ನು ಬ್ಲೆಂಡರ್‌ಗೆ ತಂದು, ಚಿತ್ರ ಅಂಟಿಸಲು ಬೇಕಾದಂತೆ ಬಿಡಿಸಿ ಹರಡಬೇಕು. ಇದಕ್ಕೆ ಯುವಿ ಅನ್ನುತ್ತಾರೆ. ಕಲ್ಲಿನಂಥ ವಸ್ತುವಿಗೆ `Smart UV Project` ನಡೆಯುತ್ತದೆ. ಮೂಲಪ್ರತಿ ಮತ್ತು ಇಳಿಸಿದ್ದು ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು, ಮೂಲಪ್ರತಿ ಮೊದಲು, ಇಳಿಸಿದ್ದು ಕೊನೆಗೆ ಆಯ್ಕೆ ಮಾಡಿ, ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ `Selected to Active` ಆನ್ ಮಾಡಿ ನಾರ್ಮಲ್ ಮ್ಯಾಪ್ ಬೇಕ್ ಮಾಡಿ, ಅಂದರೆ ಮೂಲಪ್ರತಿಯ ವಿವರವನ್ನು ಚಿತ್ರಕ್ಕೆ ಇಳಿಸಿ. ಚಿತ್ರದ ಕಲರ್ ಸ್ಪೇಸ್ `Non-Color` ಇರಲಿ.

ಇಲ್ಲಿ `Extrusion` ಅನ್ನುವ ಸಂಖ್ಯೆ ನೋಡಿಕೊಳ್ಳಬೇಕು. ಇಳಿಸಿದ ಮೆಶ್‌ನಿಂದ ಇಷ್ಟು ಹೊರಗೆ ನಿಂತು ಒಳಕ್ಕೆ ಕಿರಣ ಬಿಟ್ಟು, ಅದು ಮೂಲಪ್ರತಿಗೆ ಎಲ್ಲಿ ತಗಲುತ್ತದೆ ಅಂತ ಬ್ಲೆಂಡರ್ ನೋಡುತ್ತದೆ. ಸಂಖ್ಯೆ ತೀರಾ ಕಡಿಮೆ ಇದ್ದರೆ ಮೂಲಪ್ರತಿಯ ಉಬ್ಬು ಕಿರಣದ ಹಿಂದೆಯೇ ಉಳಿದು ತಪ್ಪಿಹೋಗುತ್ತದೆ. ಜಾಸ್ತಿ ಇದ್ದರೆ ಎದೆಯಿಂದ ಹೊರಟ ಕಿರಣ ಮುಂದಿರುವ ಗುರಾಣಿಗೆ ತಗಲಿ, ಗುರಾಣಿಯ ನೆರಳಿನಂಥ ಗುರುತು ಎದೆಯ ಮೇಲೆ ಬೀಳುತ್ತದೆ. ನಮ್ಮ ಕಲ್ಲಿಗೆ 0.005 ಮೀಟರ್, ಅಂದರೆ 5 ಮಿ.ಮೀ, ಇಟ್ಟು ಶುರು ಮಾಡಬಹುದು.

ಮಾದರಿಯನ್ನು ಬೇರೆ ಕಡೆ ತೆರೆದಾಗ ಕೊರೆದ ಅಕ್ಷರ ಉಬ್ಬಿ ನಿಂತಂತೆ ಕಂಡರೆ ಗಾಬರಿ ಬೇಡ. ಗಮನಿಸಿ ನೋಡಿ. ಮೇಲಿನಿಂದ ಬೆಳಕು ಬಿಟ್ಟಾಗ ಅಡ್ಡ ಗೀರುಗಳು ಉಬ್ಬಿವೆ, ಬದಿಯಿಂದ ಬಿಟ್ಟಾಗ ಉದ್ದ ಗೀರುಗಳು ಸರಿಯಾಗಿ ಕೊರೆದಂತೆಯೇ ಇವೆ, ಅಲ್ವಾ? ಹಾಗಿದ್ದರೆ ನಾರ್ಮಲ್ ಮ್ಯಾಪ್‌ನ ಹಸಿರು ಚಾನೆಲ್ ತಲೆಕೆಳಗಾಗಿದೆ. ಬ್ಲೆಂಡರ್ ಓಪನ್‌ಜಿಎಲ್ ಪದ್ಧತಿಯಲ್ಲಿ ಬರೆಯುತ್ತದೆ, ವೆಬ್‌ನಲ್ಲಿ ಬಳಸುವ ಜಿಎಲ್‌ಟಿಎಫ್ ಕೂಡ ಅದನ್ನೇ ಕೇಳುತ್ತದೆ. ಗೇಮ್ ಮಾಡಲು ಬಳಸುವ ಅನ್‌ರಿಯಲ್ ಎಂಜಿನ್ ಡೈರೆಕ್ಟ್‌ಎಕ್ಸ್ ಪದ್ಧತಿ ಕೇಳುತ್ತದೆ. ಅಲ್ಲಿಗೆ ಒಯ್ಯುವಾಗ ಹಸಿರನ್ನು ಮಗುಚಿದರೆ ಆಯಿತು.

ಬಣ್ಣಕ್ಕೆ, ಯುವಿ ಹೊತ್ತ ಇಳಿಸಿದ ಮೆಶ್ ಅನ್ನು ಮೆಟಾಶೇಪ್‌ಗೆ ವಾಪಸ್ ಒಯ್ದು `Build Texture` ಕೊಡಿ. ಈಗಾಗಲೇ ಇರುವ ಯುವಿಯನ್ನೇ ಉಳಿಸಿಕೊಳ್ಳುವಂತೆ ಹೇಳಿ. ಫೋಟೊ ತೆಗೆದ ಜಾಗಗಳು ಅದಕ್ಕೆ ಇನ್ನೂ ಗೊತ್ತಿರುವುದರಿಂದ ನೇರ ಫೋಟೊಗಳಿಂದಲೇ ಬಣ್ಣ ಹಾಕುತ್ತದೆ. ಮೆಶ್ ನಡುವೆ ಒಂದಿಂಚೂ ಸರಿದಿರಬಾರದು. ಬ್ಲೆಂಡರ್‌ಗೆ ತರುವಾಗ ಒಂದು ಅಕ್ಷ, ಹೊರಗೆ ಕಳಿಸುವಾಗ ಇನ್ನೊಂದು ಅಕ್ಷ ಆರಿಸಿದರೆ ಕಲ್ಲು ಮಲಗಿಬಿಡುತ್ತದೆ, ಬಣ್ಣದ ಬದಲು ಆಕಾಶ ಮತ್ತು ಹುಲ್ಲು ಅದರ ಮೇಲೆ ಬೀಳುತ್ತದೆ. ಎರಡೂ ಸಲ `Forward`, `Up` ಒಂದೇ ಇರಲಿ.

ಎರಡು ಕಡೆಯಿಂದ ಅಳೆಯುವುದು

ಕಣ್ಣಿಗೆ ಚೆಂದ ಕಂಡರೆ ಸಾಲದು. ಮೆಶ್‌ಲ್ಯಾಬ್‌ನ `Hausdorff Distance` ಎರಡು ಮೆಶ್‌ಗಳ ನಡುವಿನ ದೂರ ಅಳೆಯುತ್ತದೆ. ಇದನ್ನು ಒಂದೇ ದಿಕ್ಕಿನಲ್ಲಿ ಓಡಿಸಿ ಬಿಡುವವರೇ ಜಾಸ್ತಿ. ಎರಡು ದಿಕ್ಕೂ ಬೇರೆ ಬೇರೆ ಕಥೆ ಹೇಳುತ್ತವೆ.

ತೇಪೆ ಹಾಕುವ ಮೊದಲು ಉಳಿಸಿದ ಮೆಶ್ ಅನ್ನು ಹೊರಗೆ ತೆಗೆಯಿರಿ. ಅದರ ಬಿಂದುಗಳಿಂದ ಇಳಿಸಿದ ಮೆಶ್‌ಗೆ ದೂರ ಅಳೆದರೆ, ಸ್ಕ್ಯಾನ್‌ನಲ್ಲಿ ಇದ್ದದ್ದು ಎಲ್ಲಿ ಕಳೆಯಿತು ಅಂತ ಕಾಣುತ್ತದೆ. ಅಕ್ಷರದ ಪಟ್ಟಿಯಲ್ಲಿ ಗೀರಿನ ಆಳದಷ್ಟು, ಅಂದರೆ 2 ಮಿ.ಮೀವರೆಗೆ, ಬಂದರೆ ಸರಿ. ಅದನ್ನು ನಾರ್ಮಲ್ ಮ್ಯಾಪ್ ಹೊತ್ತಿದೆ. ವೀರನ ತೋಳಿನಲ್ಲೋ ಕಲ್ಲಿನ ಹೊರಗೆರೆಯಲ್ಲೋ ಅಷ್ಟು ಬಂದರೆ ಸರಿ ಇಲ್ಲ. ಗುರಿಯನ್ನು ಏರಿಸಿ ಮತ್ತೆ ಇಳಿಸಬೇಕು.

ಈಗ ತಿರುಗಿಸಿ. ಇಳಿಸಿದ ಮೆಶ್‌ನ ಬಿಂದುಗಳಿಂದ ಹಳೆಯ ಮೆಶ್‌ಗೆ ಅಳೆಯಿರಿ. ತೇಪೆಯ ಜಾಗದಲ್ಲಿ ಹಳೆಯದರಲ್ಲಿ ಏನೂ ಇರಲಿಲ್ಲ. ಹಾಗಾಗಿ ದೂರ ಏರಿ, ನಾವು ಕಟ್ಟಿದ ಭಾಗವೆಲ್ಲ ಎದ್ದು ಕಾಣುತ್ತದೆ. `Colorize by vertex Quality` ಕೊಟ್ಟು ಆ ಬಣ್ಣದ ಪ್ರತಿಯನ್ನು ಬೇರೆ ಫೈಲಾಗಿ ಮಾದರಿಯ ಜೊತೆಗೇ ಇಡಿ. ಪರಂಪರೆಯ ವಸ್ತುಗಳ ಡಿಜಿಟಲ್ ರೂಪಗಳ ಬಗ್ಗೆ 2006ರಲ್ಲಿ ಬಂದ ಲಂಡನ್ ಚಾರ್ಟರ್ ಕೂಡ, ಯಾವುದು ಸಾಕ್ಷ್ಯ, ಯಾವುದು ಊಹೆ ಅಂತ ನೋಡುವವರಿಗೆ ತಿಳಿಯುವಂತಿರಬೇಕು ಅನ್ನುತ್ತದೆ.

ಇಷ್ಟೆಲ್ಲ ಪರದೆಯ ಮೇಲೆ ತೋರಿಸುವ ಮಾತಾಯಿತು. ತ್ರೀಡಿ ಪ್ರಿಂಟ್‌ಗೆ ದಾರಿ ಸ್ವಲ್ಪ ಬೇರೆ. ಪ್ರಿಂಟರ್ ನಾರ್ಮಲ್ ಮ್ಯಾಪ್ ಓದುವುದಿಲ್ಲ, ಹಾಗಾಗಿ ಅಕ್ಷರ ಬೇಕಿದ್ದರೆ ಅದು ತ್ರಿಕೋನದಲ್ಲೇ ಇರಬೇಕು. ಕಲ್ಲನ್ನು ಹತ್ತನೇ ಒಂದಕ್ಕೆ ಇಳಿಸಿ 15 ಸೆಂ.ಮೀ ಎತ್ತರಕ್ಕೆ ಪ್ರಿಂಟ್ ಮಾಡಿದರೆ 4 ಮಿ.ಮೀ ಗೀರು 0.4 ಮಿ.ಮೀ ಆಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ತಂತಿಯ ಪ್ರಿಂಟರ್‌ನ ನಳಿಕೆಯೇ 0.4 ಮಿ.ಮೀ, ಅಕ್ಷರ ಮೂಡುವುದು ಕಷ್ಟ. ಅದಕ್ಕೆ 10 ಲಕ್ಷ ತ್ರಿಕೋನ ಬೇಕಾದಷ್ಟಾಯಿತು. ರೆಸಿನ್ ಪ್ರಿಂಟರ್ ಆದರೆ ಮೂಲಪ್ರತಿಯನ್ನೇ ಕೊಡಬಹುದು. ಮುಟ್ಟದೆ ಬಿಟ್ಟಿದ್ದ ಕೆಳಗಿನ ಬಾಯಿಯನ್ನೂ, ಉಳಿದ ತೂತುಗಳನ್ನೂ ಮುಚ್ಚುವುದು ಈಗಲೇ. ಪ್ರಿಂಟ್ ಆಗುವ ಮೆಶ್ ನೀರು ಸೋರದಂತೆ ಪೂರ್ತಿ ಮುಚ್ಚಿರಬೇಕು. ಕೆಳಗಿನ ಬಾಯಿಗೆ `Close Holes` ಬೇಡ. ಏರುಪೇರಾದ ಅಂಚಿನಿಂದ ಅಂಚಿಗೆ ತ್ರಿಕೋನ ಎಳೆದು ತಳ ಸೊಟ್ಟಗಾಗುತ್ತದೆ. ಬ್ಲೆಂಡರ್‌ನ `Bisect`ನಲ್ಲಿ `Fill` ಆನ್ ಮಾಡಿ, ನೆಲದಿಂದ ಎರಡು ಸೆಂ.ಮೀ ಮೇಲೆ ಸಮತಟ್ಟಾಗಿ ಕೊಯ್ದರೆ ಏರುಪೇರು ಹೋಗಿ ತಳವೂ ಮುಚ್ಚುತ್ತದೆ, ಕಲ್ಲು ಮೇಜಿನ ಮೇಲೆ ನೆಟ್ಟಗೆ ನಿಲ್ಲುತ್ತದೆ.